ದೊಡ್ಡಪ್ಪನ ಉಯಿಲನ್ನು ಮನೆಯವರಿಗೆ ಬಿಡಿಸಿ ಹೇಳಬೇಕು, ಎಲ್ಲಿಂದ ಶುರು ಮಾಡಲಿ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ದೊಡ್ಡಪ್ಪ ತೀರಿಕೊಂಡು ಒಂದೂವರೆ ತಿಂಗಳಾಯಿತು. ಹೈಸ್ಕೂಲ್ ಮೇಷ್ಟ್ರಾಗಿದ್ದವರು. 2019ರಲ್ಲೇ ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿದ್ದರು. ಅದರಲ್ಲಿ ನನ್ನನ್ನು ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ನಡೆಸಿಕೊಡುವವನು ಅಂತ ಹಾಕಿದ್ದಾರೆ. ನಾನು ಅವರ ತಮ್ಮನ ಮಗ, ನನಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ.

ಮನೆಯಲ್ಲಿ ಇರುವವರು ನಾಲ್ಕು ಜನ. ದೊಡ್ಡಮ್ಮನಿಗೆ 71. ದೊಡ್ಡಣ್ಣ ಬೆಂಗಳೂರಿನಲ್ಲಿದ್ದಾನೆ. ಅಕ್ಕನನ್ನು ತುಮಕೂರಿಗೆ ಕೊಟ್ಟಿದೆ. ಚಿಕ್ಕಣ್ಣ ದೊಡ್ಡಮ್ಮನ ಜೊತೆ ಅದೇ ಮನೆಯಲ್ಲಿದ್ದಾನೆ. ಉಯಿಲಿನ ಮುಖ್ಯ ಸಾಲುಗಳು ಹೀಗಿವೆ:

"ಸದರಿ ಎ ಷೆಡ್ಯೂಲ್ ಮನೆಯನ್ನು ನನ್ನ ಧರ್ಮಪತ್ನಿಯು ತನ್ನ ಜೀವಿತಾವಧಿ ಪರ್ಯಂತ ಅನುಭವಿಸಿಕೊಂಡು ಬರತಕ್ಕದ್ದು. ಆಕೆಗೆ ಪರಭಾರೆ ಮಾಡುವ ಹಕ್ಕು ಇರುವುದಿಲ್ಲ. ಆಕೆಯ ಕಾಲಾನಂತರ ನನ್ನ ಇಬ್ಬರು ಗಂಡುಮಕ್ಕಳಿಗೆ ಸಮಭಾಗವಾಗಿ ಸೇರತಕ್ಕದ್ದು."

"ಬಿ ಷೆಡ್ಯೂಲ್ ಠೇವಣಿ ಹಣದಲ್ಲಿ ನನ್ನ ಋಣಬಾಧೆಗಳನ್ನು ತೀರಿಸಿ ಉಳಿದ ಮೊಬಲಗಿನಲ್ಲಿ ಅರ್ಧ ಭಾಗ ನನ್ನ ಮಗಳಿಗೂ, ಉಳಿದರ್ಧ ಭಾಗ ಗಂಡುಮಕ್ಕಳಿಬ್ಬರಿಗೆ ಸಮನಾಗಿಯೂ ಸೇರತಕ್ಕದ್ದು."

"ಇಲ್ಲಿ ನಮೂದಿಸದೆ ಬಿಟ್ಟುಹೋದ ಸ್ವತ್ತು ಏನಿದ್ದರೂ ನನ್ನ ಧರ್ಮಪತ್ನಿಗೆ ಸೇರತಕ್ಕದ್ದು."

ಹದಿಮೂರನೇ ದಿನ ಎಲ್ಲರೂ ಸೇರಿದ್ದಾಗ ಇದನ್ನು ಇದ್ದ ಹಾಗೆಯೇ ಓದಿಬಿಟ್ಟೆ. ಅದೇ ತಪ್ಪಾಯಿತು. "ಹಕ್ಕು ಇರುವುದಿಲ್ಲ" ಅಂತ ಕೇಳಿದ ತಕ್ಷಣ ದೊಡ್ಡಮ್ಮ ಅಳೋಕೆ ಶುರು ಮಾಡಿದರು. "ಐವತ್ತು ವರ್ಷ ಸಂಸಾರ ಮಾಡಿದ ನನಗೇ ಹಕ್ಕಿಲ್ಲವೇನೋ ಮಗಾ" ಅಂದರು. ಅಕ್ಕ ಮನೆಯಲ್ಲಿ ತನ್ನ ಹೆಸರೇ ಇಲ್ಲ ಅಂತ ಮುಖ ಊದಿಸಿಕೊಂಡು ಹೋದಳು. ಚಿಕ್ಕಣ್ಣ ಹೇಳುವುದು, "ಎಫ್‌ಡಿಗೆ ನಾಮಿನಿ ನಾನೇ, ಅದು ನಂದು". ದೊಡ್ಡಣ್ಣನಿಗೆ ಎಕ್ಸಿಕ್ಯೂಟರ್ ಅಂದರೆ ಎಲ್ಲ ನನ್ನ ಕೈಗೆ ಬಂತು ಅನ್ನೋ ಅನುಮಾನ. ಮುಂದಿನ ಭಾನುವಾರ ಮತ್ತೆ ಕೂರುತ್ತಿದ್ದೇವೆ. ಯಾರೂ ಕಾನೂನು ಓದಿದವರಲ್ಲ. ಹೇಗೆ ಹೇಳಲಿ?

ಕಾಫಿತೋಟ

ಇದರಲ್ಲಿ ವಿವರಿಸೋಕೆ ಏನಿದೆ? ನಾಮಿನಿ ಯಾರೋ ಅವರಿಗೇ ಎಫ್‌ಡಿ. ಬ್ಯಾಂಕಿನವರು ಅವರಿಗೇ ಕೊಡುತ್ತಾರೆ, ನಮ್ಮ ಮಾವನ ವಿಷಯದಲ್ಲಿ ಹಾಗೇ ಆಯಿತು. ಇನ್ನೊಂದು, ಸಾಕ್ಷಿ ಹಾಕಿದವರು ಯಾರು ಅಂತ ನೋಡಿ. ಸಂಬಂಧಿಕರು ಸಾಕ್ಷಿ ಹಾಕಿದ್ದರೆ ಉಯಿಲೇ ಬಿದ್ದು ಹೋಗುತ್ತೆ.

ಹೇಮಾವತಿ ದಂಡೆ

ಅಯ್ಯೋ, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಚಿಕ್ಕಣ್ಣನ ಮಾವನೇ. ಇನ್ನೊಬ್ಬರು ದೊಡ್ಡಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮೇಷ್ಟ್ರು. ಈಗೇನು ಮಾಡೋದು?

ಹಳೇ ಬಿಕ್ಕಲಂ

ಗಾಬರಿ ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ 30 ವರ್ಷ ಕೂತು ಪತ್ರ ಬರೆದವನು ನಾನು. ನೀವು ಓದಿದ ಆ ಭಾಷೆ ನಮ್ಮಂಥವರದ್ದೇ, ಅದನ್ನು ಬಿಡಿಸುವ ಜವಾಬ್ದಾರಿಯೂ ನಮ್ಮದೇ ಅನ್ನಿ.

ಸಾಕ್ಷಿ ವಿಷಯ ಮೊದಲು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಬರೆಸಿದವರು ಸಹಿ ಹಾಕಿದ್ದನ್ನು ಇಬ್ಬರೂ ನೋಡಿರಬೇಕು, ಇಲ್ಲವೇ ಇದು ನನ್ನ ಸಹಿ ಅಂತ ಅವರೇ ಹೇಳಿರಬೇಕು. ಆಮೇಲೆ ಅವರೆದುರೇ ಸಾಕ್ಷಿಗಳು ಸಹಿ ಹಾಕಬೇಕು. ಬೀಗರು, ನೆಂಟರು ಹಾಕಬಾರದು ಅಂತ ಎಲ್ಲೂ ಇಲ್ಲ. ಕಾಫಿತೋಟದವರು ಕೇಳಿರುವ ಮಾತಿಗೂ ಒಂದು ಮೂಲ ಇದೆ. ಸಾಕ್ಷಿಗೋ ಅವರ ಗಂಡನಿಗೋ ಹೆಂಡತಿಗೋ ಆ ಉಯಿಲಿನಲ್ಲಿ ಏನಾದರೂ ಬರೆದಿದ್ದರೆ ಅಷ್ಟು ಭಾಗ ಮಾತ್ರ ಹೋಗುತ್ತೆ ಅನ್ನುವ ನಿಯಮ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿದೆ. ಅದು ಕ್ರೈಸ್ತರಂಥವರಿಗೆ ಅನ್ವಯ. ಹಿಂದೂಗಳ ಉಯಿಲಿಗೆ ಆ ನಿಯಮ ಹಾಕಿಲ್ಲ. ಅಲ್ಲೂ ಉಯಿಲು ಪೂರ್ತಿ ಬೀಳುವುದಿಲ್ಲ.

ಆದರೂ ಚಿಕ್ಕಣ್ಣನ ಮಾವ ಅಂದರೆ ನಾಳೆ ಜಗಳವಾದಾಗ ಎದುರಿನ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ. ಆ ಮೇಷ್ಟ್ರ ವಿಳಾಸ, ಫೋನ್ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ. ಕೋರ್ಟಿನಲ್ಲಿ ಉಯಿಲು ಸಾಬೀತು ಮಾಡಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ರಿಜಿಸ್ಟರ್ ಆಗಿದ್ದರೂ ಅದು ತಪ್ಪುವುದಿಲ್ಲ.

ಉಳಿದದ್ದು ರಾತ್ರಿ ಬರೆಯುತ್ತೇನೆ.

ಮಾಟುಂಗಾ ಕನ್ನಡಿಗ

ಪ್ರೊಬೇಟ್, ಅಂದರೆ ಉಯಿಲು ನಿಜ ಅಂತ ಕೋರ್ಟಿನಿಂದ ದೃಢೀಕರಣ, ಮಾಡಿಸಿದ್ದೀರಾ? ಅದಿಲ್ಲದೆ ಉಯಿಲು ಬರೀ ಕಾಗದ. ನಮ್ಮ ತಂದೆಯ ಫ್ಲ್ಯಾಟಿಗೆ 2016ರಲ್ಲಿ ಹೈಕೋರ್ಟಿಗೆ ಹೋಗಿ ಪ್ರೊಬೇಟ್ ತಂದೆವು. ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಚಾಮುಂಡಿ ತಪ್ಪಲು

ಸರ್, ನೀವು ಮುಂಬೈನಲ್ಲಿದ್ದಿರಿ, ಅದಕ್ಕೆ. ಮುಂಬೈ, ಚೆನ್ನೈ, ಕೋಲ್ಕತ್ತಾ ನಗರಗಳಲ್ಲಿ ಬರೆದ ಉಯಿಲು, ಅಥವಾ ಅಲ್ಲಿನ ಮನೆ ಜಮೀನಿನ ಉಯಿಲಿಗೆ ಆಗ ಪ್ರೊಬೇಟ್ ಕಡ್ಡಾಯವಿತ್ತು. ಹಾಸನದಲ್ಲಿ ಬರೆದು ಹಾಸನದ ಮನೆಯನ್ನೇ ಕೊಟ್ಟಿದ್ದರೆ ಬೇಕಿಲ್ಲ. ನಾನು ಮೈಸೂರಿನಲ್ಲಿ ವಕೀಲೆ. ಕಕ್ಷಿದಾರರು ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು.

ಹೇಮಾವತಿಯವರೇ, ಒಂದು ಕೆಲಸ ಭಾನುವಾರಕ್ಕೆ ಮುಂಚೆ ಮಾಡಿ. ಇದೇ ಕೊನೆಯ ಉಯಿಲಾ ಅಂತ ಖಾತ್ರಿ ಮಾಡಿಕೊಳ್ಳಿ. 2019ರ ನಂತರ ಅವರು ಬಿಳಿ ಹಾಳೆಯ ಮೇಲೆ ಇನ್ನೊಂದು ಬರೆದು ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿದ್ದರೆ, ರಿಜಿಸ್ಟರ್ ಆಗದಿದ್ದರೂ ಅದೇ ನಡೆಯುತ್ತೆ. ಉಯಿಲಿಗೆ ಛಾಪಾ ಕಾಗದವೂ ಬೇಕಿಲ್ಲ, ರಿಜಿಸ್ಟ್ರಿಯೂ ಕಡ್ಡಾಯವಲ್ಲ. ಅವರ ಬೀರು, ಬ್ಯಾಂಕ್ ಲಾಕರ್, ಹಳೇ ಡೈರಿ ಎಲ್ಲ ನೋಡಿ. ನೋಡುವಾಗ ಮನೆಯವರಲ್ಲಿ ಇಬ್ಬರು ಜೊತೆಗಿರಲಿ.

ತುಂಗೆಯ ಮಗಳು

ನಮ್ಮ ಮನೆಯಲ್ಲೂ ಇದೇ ಕಥೆ, ಅದಕ್ಕೇ ಕೇಳುತ್ತಿದ್ದೇನೆ. ಶಿವಮೊಗ್ಗ ಹತ್ತಿರ 4 ಎಕರೆ ಗದ್ದೆ. ತಾತನಿಂದ ಬಂದದ್ದು. ಅಮ್ಮ ನಾವು ಚಿಕ್ಕವರಿದ್ದಾಗಲೇ ಹೋದರು. ಅಪ್ಪ 2021ರಲ್ಲಿ ತೀರಿಕೊಂಡರು, ಪೂರ್ತಿ ಗದ್ದೆ ಅಣ್ಣನಿಗೆ ಅಂತ ಉಯಿಲು ಬರೆದಿದ್ದಾರೆ. ನಾನು, ತಂಗಿ ಇಬ್ಬರೂ ಮದುವೆಯಾದವರು. ನನ್ನ ಮದುವೆ 1998ರಲ್ಲಿ. ಉಯಿಲು ಇದೆಯಲ್ಲ, ನಾವು ಸುಮ್ನೆ ಇರಬೇಕಾ?

ಕಾಫಿತೋಟ

ಅಪ್ಪ ಬರೆದ ಮೇಲೆ ಮುಗೀತು ಮೇಡಂ. ಅವರ ಆಸ್ತಿ, ಅವರಿಷ್ಟ. ಅದೂ ಅಲ್ಲದೆ 1994ಕ್ಕಿಂತ ಆಮೇಲೆ ಮದುವೆಯಾದವರಿಗೆ ಮಾತ್ರ ಕರ್ನಾಟಕದಲ್ಲಿ ಏನೋ ಇದೆ ಅಂತ ಕೇಳಿದ್ದೆ.

ಚಾಮುಂಡಿ ತಪ್ಪಲು

ಅರ್ಧ ಸರಿ ಹೇಳಿದಿರಿ. ಕರ್ನಾಟಕ 1994ರಲ್ಲಿ ತನ್ನದೇ ತಿದ್ದುಪಡಿ ತಂದಿತ್ತು. ಆಗ ಮದುವೆಯಾಗದೆ ಇದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತ. ಆಮೇಲೆ 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯ ಮಾತೇ ಇಲ್ಲ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಇದನ್ನು ಇನ್ನೂ ಸ್ಪಷ್ಟ ಮಾಡಿತು. ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತೆ.

ತುಂಗೆಯ ಮಗಳು ಅವರೇ, ನಿಮ್ಮ ಗದ್ದೆ ನಿಜವಾಗಿ ಪಿತ್ರಾರ್ಜಿತವೇ ಆಗಿದ್ದು, 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರ ಇಲ್ಲದಿದ್ದರೆ ಲೆಕ್ಕ ಹೀಗೆ. ಅಪ್ಪ, ಅಣ್ಣ, ನೀವು, ತಂಗಿ ನಾಲ್ವರಿಗೂ ಒಂದೊಂದು ಎಕರೆ. ಅಪ್ಪ ಉಯಿಲು ಬರೆಯಬಹುದಾದದ್ದು ಅವರ ಒಂದು ಎಕರೆಗೆ ಮಾತ್ರ. ಅದು ಅಣ್ಣನಿಗೆ ಹೋಗುತ್ತೆ. ಹಾಗಾಗಿ ಅಣ್ಣನಿಗೆ 2, ನಿಮಗೆ 1, ತಂಗಿಗೆ 1. ಪಹಣಿ ಅಪ್ಪನ ಒಬ್ಬರ ಹೆಸರಲ್ಲೇ ಇದೆ ಅಂತ ಹೆದರಬೇಡಿ. ಆದರೆ ತಾತನಿಂದ ಯಾವ ರೀತಿ ಬಂತು ಅನ್ನೋ ಕಾಗದ ಮುಖ್ಯ. ತಾತ ಉಯಿಲಿನಲ್ಲೋ ದಾನಪತ್ರದಲ್ಲೋ ಅಪ್ಪನೊಬ್ಬರಿಗೇ ಕೊಟ್ಟಿದ್ದರೆ ಲೆಕ್ಕವೇ ಬೇರೆಯಾಗಬಹುದು. ಕಾಗದ ತೋರಿಸದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ ಸೇರಿಸಿ.

ತುಂಗೆಯ ಮಗಳು

ಅಣ್ಣ ಈಗಾಗಲೇ ಖಾತೆ ಮಾಡಿಸಿಕೊಂಡಿದ್ದಾನೆ ಮೇಡಂ. ತಡವಾಯಿತಾ?

ಚಾಮುಂಡಿ ತಪ್ಪಲು

ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನೋದರ ದಾಖಲೆ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಆದರೆ ಮಾರಾಟಕ್ಕೆ ಇಡುವ ಮುಂಚೆ ಓಡಾಡಿ. ತಾತನ ಕಾಲದ ಪಹಣಿ, ಮ್ಯುಟೇಶನ್ ನಕಲು ತೆಗೆಸಿಕೊಂಡು ನಿಮ್ಮ ಊರಿನ ವಕೀಲರನ್ನು ಈ ವಾರವೇ ನೋಡಿ.

ಹಳೇ ಬಿಕ್ಕಲಂ

ಈಗ ಹಾಸನದ ಮನೆಗೆ ಬರೋಣ. ಹೇಮಾವತಿಯವರೇ, ಆ ಮನೆ ದೊಡ್ಡಪ್ಪ ಸಂಬಳದಲ್ಲಿ ಕಟ್ಟಿಸಿದ್ದೋ, ಹಿರಿಯರ ಆಸ್ತಿಯೋ?

ಹೇಮಾವತಿ ದಂಡೆ

ಸೈಟು ಅವರೇ ಕೊಂಡದ್ದು. ಸಾಲ ಮಾಡಿ ಕಟ್ಟಿಸಿದರು. ಮೂವತ್ತು ನಲವತ್ತು ಸೈಟು, ಕೆಳಗೆ ಇವರು, ಮೇಲೆ ಬಾಡಿಗೆ. ಹಿತ್ತಲಲ್ಲಿ ಎರಡು ತೆಂಗಿನ ಮರ.

ಹಳೇ ಬಿಕ್ಕಲಂ

ಹಾಗಾದರೆ ಸ್ವಯಾರ್ಜಿತ. ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಅಕ್ಕನಿಗೆ ಇದನ್ನು ನೇರವಾಗಿ ಹೇಳಬೇಕು, ಮುಚ್ಚಿಡಬೇಡಿ.

ದೊಡ್ಡಮ್ಮನ ವಿಷಯ. "ಪರಭಾರೆ" ಅಂದರೆ ಮಾರುವುದು, ಅಡ ಇಡುವುದು, ದಾನ ಕೊಡುವುದು. "ಹಕ್ಕು ಇರುವುದಿಲ್ಲ" ಅನ್ನುವುದು ಆ ಮೂರಕ್ಕೆ ಮಾತ್ರ. ಅದಕ್ಕೆ ಮುಂಚಿನ ಸಾಲೇ ದೊಡ್ಡದು, ನೀವು ಆ ಸಾಲನ್ನು ಮೊದಲು ಹೇಳಬೇಕು. ಅವರಿಗೆ ಹೀಗೆ ಹೇಳಿ: "ದೊಡ್ಡಮ್ಮ, ನೀವಿರುವವರೆಗೆ ಈ ಮನೆಯಿಂದ ನಿಮ್ಮನ್ನು ಯಾರೂ ಏಳಿಸೋ ಹಾಗಿಲ್ಲ. ಮೇಲಿನ ಮನೆ ಬಾಡಿಗೆ ನಿಮ್ಮ ಕೈಗೇ ಬರಬೇಕು. ಯಾರು ನಿಮ್ಮ ಜೊತೆ ಇರಬೇಕು ಅನ್ನೋದೂ ನಿಮ್ಮಿಷ್ಟ. ಮಾರೋದು ಮಾತ್ರ ಆಗಲ್ಲ." ತೆಂಗಿನ ಕಾಯಿ ಅವರದ್ದು. ಮರ ಕಡಿದು ಮಾರೋದು ಬೇಡ. ಮನೆಗೂ ಅದೇ ಲೆಕ್ಕ, ಬಾಡಿಗೆ ಅನ್ನೋದು ಕಾಯಿ ಇದ್ದ ಹಾಗೆ. ಹೀಗೆ ಹೇಳಿದರೆ ಎಂಥವರಿಗೂ ತಿಳಿಯುತ್ತೆ. ಕಂದಾಯ, ಸಣ್ಣಪುಟ್ಟ ರಿಪೇರಿ ಅನುಭವಿಸುವವರೇ ನೋಡಿಕೊಳ್ಳಬೇಕು ಅನ್ನೋದನ್ನೂ ಸೇರಿಸಿ ಹೇಳಿ.

ಗಂಡುಮಕ್ಕಳು ಕೇಳದೆ ಬಿಡುವ ಪ್ರಶ್ನೆ ಒಂದಿದೆ. ತಾಯಿಗಿಂತ ಮುಂಚೆ ಒಬ್ಬ ಮಗ ತೀರಿಕೊಂಡರೆ? "ಗಂಡುಮಕ್ಕಳಿಗೆ ಸೇರತಕ್ಕದ್ದು" ಅಂತಷ್ಟೇ ಇದ್ದರೆ, ದೊಡ್ಡಪ್ಪ ಹೋದ ದಿನವೇ ಆ ಪಾಲು ಅವರಿಬ್ಬರದ್ದಾಗಿದೆ. ಕೈಗೆ ಸಿಗೋದು ಮಾತ್ರ ಆಮೇಲೆ. ಹಾಗಾಗಿ ಅವನ ಪಾಲು ಅವನ ವಾರಸುದಾರರಿಗೆ ಹೋಗುತ್ತೆ, ಇನ್ನೊಬ್ಬ ಮಗನಿಗಲ್ಲ. "ಆಕೆಯ ಕಾಲಾನಂತರ ಆಗ ಬದುಕಿರುವ ಗಂಡುಮಕ್ಕಳಿಗೆ" ಅಂತ ಬರೆದಿದ್ದರೆ ಬೇರೆಯಾಗುತ್ತಿತ್ತು. ಎರಡು ಪದದಲ್ಲಿ ಒಂದು ಮನೆಯ ಪಾಲು ಹೋಗುತ್ತೆ, ಬರುತ್ತೆ. ಅಸಲು ಪತ್ರ ಎದುರಿಗಿಟ್ಟುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿ.

ಚಾಮುಂಡಿ ತಪ್ಪಲು

ಬಿಕ್ಕಲಂ ಸರ್ ಹೇಳಿದ್ದರಲ್ಲಿ ಒಂದು ಕಡೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ದೊಡ್ಡಮ್ಮನಿಗೆ ಮಾರುವ ಹಕ್ಕು ಇಲ್ಲವೇ ಇಲ್ಲ ಅಂತ ಅಡಿಗೆರೆ ಎಳೆದು ಹೇಳಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಇದೆ. ಹೆಂಡತಿಗೆ ಜೀವನಾಂಶದ ಹಕ್ಕು ಮೊದಲೇ ಇರುತ್ತೆ. ಆ ಹಕ್ಕಿನ ಬದಲಿಗೆ ಕೊಟ್ಟ ಆಸ್ತಿಯಾದರೆ, ಕಾಗದದಲ್ಲಿ ಏನೇ ಕಟ್ಟು ಹಾಕಿದ್ದರೂ ಅದು ಪೂರ್ತಿ ಅವಳದ್ದಾಗುತ್ತೆ ಅಂತ 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಯಿಲಿನಿಂದ ಹೊಸದಾಗಿ ಕೊಟ್ಟದ್ದಾದರೆ ಕಟ್ಟು ಹಾಗೇ ನಿಲ್ಲುತ್ತೆ ಅನ್ನುವ ತೀರ್ಪುಗಳೂ ಇವೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಈ ಗೊಂದಲ ಬಗೆಹರಿಸಲು ದೊಡ್ಡ ಪೀಠಕ್ಕೆ ಕಳಿಸಿತು.

ಹಳೇ ಬಿಕ್ಕಲಂ

ಮೇಡಂ, ನಿಮ್ಮ ಮಾತು ಕೋರ್ಟಿನಲ್ಲಿ ಸರಿ. ಆದರೆ ಭಾನುವಾರ ಕೂತು ಇದನ್ನೂ ಹೇಳಿದರೆ ಗಂಡುಮಕ್ಕಳು ತಾಯಿಯ ಮೇಲೆ ಅನುಮಾನ ಪಡುತ್ತಾರೆ. ದೊಡ್ಡಪ್ಪನ ಮನಸ್ಸಿನಲ್ಲಿ ಇದ್ದದ್ದು ಏನು ಅಂತ ಪತ್ರದಲ್ಲಿ ಸ್ಪಷ್ಟ ಇದೆ. ಎಕ್ಸಿಕ್ಯೂಟರ್ ಕೆಲಸ ಅದನ್ನು ನಡೆಸೋದು.

ಚಾಮುಂಡಿ ತಪ್ಪಲು

ಅವರು ದೊಡ್ಡಮ್ಮನಿಗೂ ಉತ್ತರ ಕೊಡಬೇಕಾದವರೇ ಅಲ್ವಾ ಸರ್? ಗೊತ್ತಿದ್ದೂ ಹೇಳದಿದ್ದರೆ ನಾಳೆ "ನನಗೆ ಯಾಕೆ ಹೇಳಲಿಲ್ಲ" ಅಂತ ಆ ಅಮ್ಮ ಕೇಳಿದರೆ? ಕಡೇ ಪಕ್ಷ, ಬೇರೆ ವಕೀಲರನ್ನು ಒಂದು ಸಲ ಕೇಳಿ ಅಂತ ಅವರಿಗೆ ಹೇಳಲಿ.

ಹೇಮಾವತಿ ದಂಡೆ

ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿದೆ. ಯೋಚನೆ ಮಾಡುತ್ತೇನೆ. ಎಫ್‌ಡಿ ವಿಷಯ ಹೇಳಿ ಸರ್. ಬಡ್ಡಿ ಸೇರಿ 14,20,000 ಇದೆ. ನಾಮಿನಿ ಚಿಕ್ಕಣ್ಣ ಒಬ್ಬನೇ. ಸೊಸೈಟಿ ಸಾಲ 1,85,000 ಬಾಕಿ. ಆಸ್ಪತ್ರೆ ಬಿಲ್ಲು 65,000 ಇನ್ನೂ ಕೊಡಬೇಕು. ಅಂತ್ಯಕ್ರಿಯೆ, ತಿಥಿ ಎಲ್ಲ ಸೇರಿ 70,000 ಆಗಿದೆ, ಅದನ್ನು ದೊಡ್ಡಣ್ಣ ಕೈಯಿಂದ ಹಾಕಿದ್ದಾನೆ.

ಹಳೇ ಬಿಕ್ಕಲಂ

ಬ್ಯಾಂಕು ನಾಮಿನಿಗೆ ಕೊಡುತ್ತೆ, ಕಾಫಿತೋಟದವರು ಹೇಳಿದ್ದು ಅಲ್ಲಿಯವರೆಗೆ ಸರಿ. ಬ್ಯಾಂಕಿನ ಹೊಣೆ ಅಲ್ಲಿಗೆ ಮುಗಿಯಿತು. ಆದರೆ ನಾಮಿನಿ ಆ ಹಣವನ್ನು ವಾರಸುದಾರರ ಪರವಾಗಿ ಇಸಿದುಕೊಳ್ಳುವವನು, ಮಾಲೀಕನಲ್ಲ. ಇದನ್ನು ಚಿಕ್ಕಣ್ಣನಿಗೆ ಹೇಳುವಾಗ ಒಂದು ಉದಾಹರಣೆ ಕೊಡಿ. ಊರಿನಿಂದ ಅಪ್ಪ ಬಸ್ಸಿನಲ್ಲಿ ಅಕ್ಕಿ ಮೂಟೆ ಕಳಿಸಿದ್ದಾರೆ, ಇಳಿಸಿಕೊಳ್ಳೋಕೆ ಚಿಕ್ಕ ಮಗನ ಹೆಸರು ಕೊಟ್ಟಿದ್ದಾರೆ. ಇಳಿಸಿಕೊಂಡ ಅಂತ ಮೂಟೆ ಅವನದ್ದಾಗುತ್ತಾ? ಅಪ್ಪ ಚೀಟಿಯಲ್ಲಿ ಬರೆದ ಹಾಗೆ ಹಂಚಬೇಕು. ಇಲ್ಲಿ ಆ ಚೀಟಿ ಅಂದರೆ ಉಯಿಲು.

ಈಗ ಲೆಕ್ಕ. ಮೊದಲು ತೆಗೆಯಬೇಕಾದದ್ದು ಅಂತ್ಯಕ್ರಿಯೆ ಖರ್ಚು ಮತ್ತು ಕೊನೆಯ ಒಂದು ತಿಂಗಳ ಆಸ್ಪತ್ರೆ ಖರ್ಚು. ಆಮೇಲೆ ಸಾಲ. ಆಮೇಲೆ ಪಾಲು. ಈ ಸರದಿ ತಪ್ಪಿಸಬಾರದು. ಎಲ್ಲ ಸೇರಿ 3,20,000. ಉಳಿಯೋದು 11 ಲಕ್ಷ. ಅಕ್ಕನಿಗೆ 5,50,000. ಅಣ್ಣಂದಿರಿಗೆ ತಲಾ 2,75,000.

ಉಯಿಲೇ ಇಲ್ಲದಿದ್ದರೆ ಏನಾಗುತ್ತಿತ್ತು ಅಂತಲೂ ಪಕ್ಕದಲ್ಲಿ ಬರೆದು ತೋರಿಸಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು, ನಾಲ್ವರಿಗೂ ಸಮ. 11 ಲಕ್ಷದಲ್ಲಿ ತಲಾ 2,75,000. ಅಂದರೆ ಈ ಹಣದಲ್ಲಿ ಅಣ್ಣಂದಿರಿಗೆ ಒಂದು ರೂಪಾಯಿಯೂ ಕಡಿಮೆ ಆಗಿಲ್ಲ. ಅಕ್ಕನಿಗೆ ಜಾಸ್ತಿ ಬಂದದ್ದು ದೊಡ್ಡಮ್ಮನಿಗೆ ಬರಬೇಕಾಗಿದ್ದ ಕಾಲು ಭಾಗ. ಮನೆಯಲ್ಲಿ ಮಾತ್ರ ಅಕ್ಕನಿಗೆ ಇಲ್ಲ. ಉಯಿಲಿಲ್ಲದಿದ್ದರೆ ಅಲ್ಲೂ ಅವಳಿಗೆ ಕಾಲು ಭಾಗ ಇರುತ್ತಿತ್ತು. ಎರಡನ್ನೂ ಹೇಳಿ. ಒಂದನ್ನೇ ಹೇಳಿದರೆ ಆಮೇಲೆ ಯಾರೋ ಇನ್ನೊಂದನ್ನು ಹೇಳಿಕೊಡುತ್ತಾರೆ.

ಕಾಫಿತೋಟ

ಈ ನಾಮಿನಿ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಮಾವನ ದುಡ್ಡು ನಾಮಿನಿ ಆಗಿದ್ದ ನಮ್ಮ ಭಾವನೇ ಇಟ್ಟುಕೊಂಡರು, ನನ್ನ ಹೆಂಡತಿ ಸುಮ್ನೆ ಇದ್ದಳು. ಎಲ್‌ಐಸಿಗೂ ಇದೇನಾ?

ಚಾಮುಂಡಿ ತಪ್ಪಲು

ಜೀವವಿಮೆಗೆ 2015ರಲ್ಲಿ ಕಾಯ್ದೆ ಬದಲಾಯಿತು. ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣ ಅವರಿಗೇ ಸಲ್ಲುತ್ತೆ ಅಂತ ಅದರಲ್ಲಿ ಬಂದಿದೆ. ಇದರ ಬಗ್ಗೆಯೂ ಕೋರ್ಟುಗಳಲ್ಲಿ ವಾದ ನಡೆಯುತ್ತಿರುತ್ತೆ. ಬ್ಯಾಂಕ್ ಠೇವಣಿಗೆ ಹಾಗಿಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಶೇರುಗಳಿಗೂ 2023ರ ಡಿಸೆಂಬರಿನಲ್ಲಿ ಇದೇ ಮಾತು ಬಂತು.

ಮಾಟುಂಗಾ ಕನ್ನಡಿಗ

70,000ದಲ್ಲಿ ತಿಥಿ ಊಟದ ಖರ್ಚೂ ಇದೆಯಲ್ಲ. ಅದು ಅಂತ್ಯಕ್ರಿಯೆ ಖರ್ಚಾ? ನಮ್ಮಲ್ಲಿ ಅದಕ್ಕೇ ಆರು ತಿಂಗಳು ಮಾತು ಬಿಟ್ಟಿದ್ದರು.

ಹಳೇ ಬಿಕ್ಕಲಂ

ಒಳ್ಳೇ ಪ್ರಶ್ನೆ. ಕಾಯ್ದೆ ಹೇಳೋದು ತೀರಿಕೊಂಡವರ ಅಂತಸ್ತಿಗೆ ತಕ್ಕ, ನ್ಯಾಯವಾದ ಖರ್ಚು ಅಂತ. ಸಂಸ್ಕಾರ, ಕರ್ಮ ಸೇರಿಸೋದಕ್ಕೆ ಯಾರೂ ತಕರಾರು ಮಾಡಲ್ಲ. ಮುನ್ನೂರು ಜನಕ್ಕೆ ಹಾಕಿದ ಊಟವನ್ನು ಇದರೊಳಗೆ ತರಬಹುದಾ ಅಂದರೆ ನಾನು ಗಟ್ಟಿಯಾಗಿ ಹೂಂ ಅನ್ನಲಾರೆ. ಎಲ್ಲರೂ ಒಪ್ಪಿದರೆ ಹಾಕಿ, ಒಪ್ಪಿದ್ದನ್ನು ಬರೆದಿಡಿ.

ಕೊನೆಯದು ನಿಮ್ಮ ಪಾತ್ರ. ಎಕ್ಸಿಕ್ಯೂಟರ್ ಅಂದರೆ ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈ ಇಟ್ಟುಕೊಂಡವನು. ಸಾಮಾನು ಅವನ ವಶ, ಅವನದ್ದಲ್ಲ. ದೊಡ್ಡಣ್ಣನಿಗೆ ಇದನ್ನೇ ಹೇಳಿ. ಪಾಲು ಬದಲಿಸುವ ಅಧಿಕಾರ ನಿಮಗಿಲ್ಲ. "ಅಕ್ಕನಿಗೆ ಸ್ವಲ್ಪ ಜಾಸ್ತಿ ಕೊಡೋಣ" ಅಂತ ನೀವು ಕರುಣೆ ತೋರಿಸೋ ಹಾಗೂ ಇಲ್ಲ. ಅಣ್ಣಂದಿರು ಅವರ ಪಾಲು ಕೈಗೆ ಬಂದ ಮೇಲೆ ಕೊಟ್ಟರೆ ಅದು ಅವರಿಷ್ಟ.

ಸಾಲ ತೀರಿಸದೆ ಹಂಚಿಬಿಟ್ಟರೆ ಸಾಲ ಕೊಟ್ಟವರು ನಿಮ್ಮನ್ನೇ ಹಿಡಿಯಬಹುದು. ಅದಕ್ಕೇ ಆತುರ ಬೇಡ. ತೀರಿಕೊಂಡ ದಿನದಿಂದ ಒಂದು ವರ್ಷದವರೆಗೆ ಹಂಚು ಅಂತ ನಿಮ್ಮನ್ನು ಒತ್ತಾಯ ಮಾಡೋ ಹಾಗಿಲ್ಲ. ಪ್ರೊಬೇಟ್ ತೆಗೆದುಕೊಂಡ ಎಕ್ಸಿಕ್ಯೂಟರ್ ಆರು ತಿಂಗಳಲ್ಲಿ ಸ್ವತ್ತಿನ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ ಕೋರ್ಟಿಗೆ ಕೊಡಬೇಕು. ನೀವು ಕೋರ್ಟಿಗೆ ಹೋಗದಿದ್ದರೂ ಅದೇ ಗಡುವು ಇಟ್ಟುಕೊಂಡು ಮನೆಯವರಿಗೆ ಕೊಡಿ. ನಿಮ್ಮ ದುಡ್ಡಿನ ಜೊತೆ ಆ ದುಡ್ಡು ಬೆರೆಸಬೇಡಿ. ಚಹಾ ಕುಡಿಯೋಕೂ ಅದರಿಂದ ತೆಗೆಯಬೇಡಿ.

ಈ ಕೆಲಸ ಬೇಡ ಅನ್ನಿಸಿದರೆ ಈಗಲೇ ಬೇಡ ಅನ್ನಬಹುದು. ಹಣಕ್ಕೆ ಕೈ ಹಾಕಿದ ಮೇಲೆ ನಡುವೆ ಬಿಟ್ಟು ಹೋಗೋದು ಕಷ್ಟ.

ಚಾಮುಂಡಿ ತಪ್ಪಲು

ಇನ್ನೊಂದು. ನೀವು ಓದಿದ್ದು ನಿಜವಾದ ಉಯಿಲಾ ಅನ್ನೋ ಅನುಮಾನ ಅಕ್ಕನಿಗೆ ಇದ್ದರೆ ವಾದ ಮಾಡಬೇಡಿ. ಬರೆಸಿದವರು ತೀರಿಕೊಂಡ ಮೇಲೆ ರಿಜಿಸ್ಟರ್ ಆದ ಉಯಿಲಿನ ದೃಢೀಕೃತ ನಕಲನ್ನು ಯಾರು ಬೇಕಾದರೂ ಪಡೆಯಬಹುದು. ಮರಣ ಪತ್ರ ಕೊಟ್ಟು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿದರಾಯಿತು. ಅವಳೇ ತೆಗೆಸಿಕೊಂಡು ಪಕ್ಕದಲ್ಲಿಟ್ಟು ಓದಲಿ.

ಹೇಮಾವತಿ ದಂಡೆ

ಭಾನುವಾರದ ಸುದ್ದಿ ಹೇಳುತ್ತೇನೆ.

ಈ ಸಲ ಪತ್ರ ಓದಲಿಲ್ಲ. ಮಕ್ಕಳ ಡ್ರಾಯಿಂಗ್ ಹಾಳೆ ಒಂದನ್ನು ನಡುಮನೆಯಲ್ಲಿ ಹಾಸಿ, ಮನೆ, ಎಫ್‌ಡಿ, ಬಿಟ್ಟುಹೋದ ಸ್ವತ್ತು ಅಂತ ಮೂರು ಚೌಕ ಹಾಕಿದೆ. ಒಂದೊಂದರ ಕೆಳಗೆ ಯಾರಿಗೆ, ಯಾವಾಗ ಅಂತ ಬರೆದೆ. ದೊಡ್ಡಮ್ಮನ ಹತ್ತಿರ ತೆಂಗಿನ ಮರದ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮೇಲಿನ ಮನೆ ಬಾಡಿಗೆ ನಂಗೇನಾ?" ಅಂತ ಎರಡು ಸಲ ಕೇಳಿದರು. ಇಲ್ಲಿವರೆಗೆ ಬಾಡಿಗೆ ಚಿಕ್ಕಣ್ಣನ ಖಾತೆಗೆ ಹೋಗುತ್ತಿತ್ತಂತೆ. ಈ ತಿಂಗಳಿಂದ ಅವರ ಪಾಸ್‌ಬುಕ್ಕಿಗೆ ಹಾಕಿಸುವ ಮಾತಾಯಿತು.

ಮೂರನೇ ಚೌಕದಲ್ಲಿ ಏನೂ ಇರಲ್ಲ ಅಂದುಕೊಂಡಿದ್ದೆ. ಬೀರು ನೋಡುವಾಗ ಪೋಸ್ಟಾಫೀಸಿನ ಒಂದು ಪುಸ್ತಕ ಸಿಕ್ಕಿತು, 1,10,000 ಇದೆ. ಉಯಿಲಿನಲ್ಲಿ ಅದರ ಮಾತಿಲ್ಲ. ಅಂದರೆ ಕೊನೆಯ ಸಾಲಿನ ಪ್ರಕಾರ ದೊಡ್ಡಮ್ಮನದ್ದು, ಸ್ಕೂಟರೂ ಅವರದ್ದೇ. ಆ ಒಂದು ಸಾಲಿಗೆ ಇಷ್ಟು ಬೆಲೆ ಇದೆ ಅಂತ ನನಗೇ ಗೊತ್ತಿರಲಿಲ್ಲ. ಇನ್ನೊಂದು ಉಯಿಲು ಎಲ್ಲೂ ಸಿಗಲಿಲ್ಲ.

ಅಕ್ಕಿ ಮೂಟೆ ಮಾತಿಗೆ ಚಿಕ್ಕಣ್ಣ ತಕ್ಷಣ ಒಪ್ಪಲಿಲ್ಲ. ಎರಡು ಲೆಕ್ಕ ಪಕ್ಕಪಕ್ಕ ತೋರಿಸಿದಾಗ 2,75,000ದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನೋಡಿದ. ಕೊನೆಗೆ ಹಣ ಬಂದ ದಿನವೇ ಸೊಸೈಟಿಗೆ ಕಟ್ಟಿ, ಉಳಿದದ್ದು ಹಂಚುವವರೆಗೆ ಮುಟ್ಟಲ್ಲ ಅಂತ ಬರೆದುಕೊಟ್ಟ. ಊಟದ ಖರ್ಚು 38,000 ಅಂತ ಬೇರೆ ಮಾಡಿದೆವು. ಅಕ್ಕ ಅದನ್ನು ಲೆಕ್ಕಕ್ಕೆ ಸೇರಿಸೋಕೆ ಇನ್ನೂ ಒಪ್ಪಿಲ್ಲ. ದೊಡ್ಡಣ್ಣ ಬಿಡುವುದಿಲ್ಲ ಅಂತಾನೆ. ಅದು ಹಾಗೇ ನಿಂತಿದೆ.

ಖಾತೆಗೆ ಅರ್ಜಿ ಹಾಕೋಕೆ ಹೋದರೆ ಕಚೇರಿಯಲ್ಲಿ ವಂಶವೃಕ್ಷ ತನ್ನಿ, ಎಲ್ಲ ಮಕ್ಕಳ ಒಪ್ಪಿಗೆ ಪತ್ರ ತನ್ನಿ ಅಂದರು. ಉಯಿಲು ಇರುವಾಗ ಒಪ್ಪಿಗೆ ಯಾಕೆ ಅಂದರೆ ಉತ್ತರ ಇಲ್ಲ.

ಚಾಮುಂಡಿ ತಪ್ಪಲು

ವಂಶವೃಕ್ಷ ನಾಡಕಚೇರಿಯಲ್ಲಿ ಮಾಡಿಸಿ, ಅದು ಹೇಗಿದ್ದರೂ ಬೇಕಾಗುತ್ತೆ. ಒಪ್ಪಿಗೆ ಪತ್ರ ಯಾಕೆ, ಯಾವ ನಿಯಮದಲ್ಲಿ ಅಂತ ಹಿಂಬರಹ ಕೊಡಿ ಅಂತ ಲಿಖಿತವಾಗಿ ಕೇಳಿ. ಅರ್ಜಿಯಲ್ಲಿ "ಉಯಿಲಿನ ಪ್ರಕಾರ ಜೀವಿತಾವಧಿಯ ಅನುಭೋಗ" ಅನ್ನೋ ಮಾತು ಸೇರಿಸಿ, ದೊಡ್ಡಮ್ಮನ ಹೆಸರಿನಲ್ಲೇ ಹಾಕಿ. 14ನೇ ಕಲಮಿನ ವಿಷಯ ಅವರಿಗೆ ಹೇಳಿದಿರಾ?

ಹೇಮಾವತಿ ದಂಡೆ

ಹೇಳಿದೆ ಮೇಡಂ, ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ. "ಮಾರೋದು ಯಾರಿಗೆ ಬೇಕು, ನನ್ನ ಹೊರಗೆ ಹಾಕದೇ ಇದ್ರೆ ಸಾಕು" ಅಂದರು. ಆದರೂ ನಿಮ್ಮ ಮಾತನ್ನು ಒಂದು ಚೀಟಿಯಲ್ಲಿ ಬರೆದು, ಉಯಿಲಿನ ನಕಲಿನ ಜೊತೆ ಅವರ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅಕ್ಕ ದೃಢೀಕೃತ ನಕಲಿಗೆ ಅರ್ಜಿ ಹಾಕಿದ್ದಾಳೆ, ಗುರುವಾರ ಸಿಗುತ್ತಂತೆ. ಮೇಷ್ಟ್ರನ್ನೂ ನೋಡಿ ಬಂದೆ. ಅವರಿಗೆ ಈಗ 82. ಸಹಿ ಹಾಕಿದ ದಿನ ಚೆನ್ನಾಗಿ ನೆನಪಿದೆ ಅವರಿಗೆ.

ಹಳೇ ಬಿಕ್ಕಲಂ

82 ಅಂದರೆ ಕಾಯಬೇಡಿ. ಅವರಿಗೆ ನೆನಪಿರುವುದನ್ನು ನೋಟರಿ ಮುಂದೆ ಅಫಿಡವಿಟ್ ಮಾಡಿಸಿಡಿ. ಕೋರ್ಟಿನಲ್ಲಿ ಅವರು ಬಂದು ಹೇಳಿದಷ್ಟು ತೂಕ ಅದಕ್ಕಿಲ್ಲ. ಆದರೂ ಇರಲಿ.